ಬಾಯಿಮಾತಿನಿಂದ ಆ್ಯಪ್‌ಗೆ: ರೊಟ್ಟಿ ಅಕ್ಕನ ಮೊದಲ ದಿನದ ವಿಡಿಯೋಗೆ ಏನು ಬರೆದ್ವಿ?

ಇವತ್ತಿನ ಕಂತಲ್ಲಿ ಒಂದು ನಿಮಿಷದ ವಿಡಿಯೋ ಬಗ್ಗೆ ಮಾತಾಡೋಣ. ಮನೆಯಲ್ಲೇ ಅಡುಗೆ ಮಾಡಿ ಮಾರೋರು, ಇಷ್ಟು ದಿನ ಅವರಿವರ ಬಾಯಿಂದ ಕೇಳಿ ಬಂದೋರಿಗೆ ಮಾತ್ರ ಕೊಡ್ತಿದ್ದೋರು, ಒಂದು ದಿನ ಸ್ವಿಗ್ಗಿ, ಜೊಮ್ಯಾಟೋ ಥರದ ಆ್ಯಪ್‌ಗೆ ಬರ್ತಾರೆ. ಆ ದಿನ ಬೆಳಗ್ಗೆ ಒಂದು ವಿಡಿಯೋ ಹಾಕ್ತಾರೆ. ಅದರಲ್ಲಿ ಏನು ಹೇಳಬೇಕು, ಏನು ಹೇಳಬಾರದು ಅನ್ನೋದೇ ಇವತ್ತಿನ ವಿಷಯ.

ನಾನು ಇಂಥ ಸಣ್ಣ ವ್ಯಾಪಾರದವರಿಗೆ ವಿಡಿಯೋ ಸ್ಕ್ರಿಪ್ಟ್ ಬರೆದುಕೊಡ್ತೀನಿ. ಅದರಲ್ಲಿ ಒಂದನ್ನ ಮೊದಲಿಂದ ಕೊನೆವರೆಗೆ ನಿಮ್ಮ ಮುಂದೆ ಬಿಚ್ಚಿಡ್ತೀನಿ. ಅಡುಗೆ ಮಾಡೋರು ವಿಜಯಪುರ ಕಡೆಯವರು, ಈಗ ಬೆಂಗಳೂರಿನ ವಿಜಯನಗರದಲ್ಲಿದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಅಕ್ಕ ಅಂತಲೇ ಕರೀತೀನಿ. ಐದು ವರ್ಷದಿಂದ ಮಧ್ಯಾಹ್ನದ ಊಟ ಕೊಡ್ತಿದ್ದಾರೆ. ಮೂರು ಬಿಸಿ ಜೋಳದ ರೊಟ್ಟಿ, ಎಣಗಾಯಿ, ಒಂದು ಕಾಳಿನ ಪಲ್ಯ, ಶೇಂಗಾ ಚಟ್ನಿ, ಒಂದು ಬಟ್ಟಲು ಮೊಸರು. ಹಿಂದಿನ ರಾತ್ರಿ ಫೋನ್ ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಹೇಳಬೇಕು, ಮಧ್ಯಾಹ್ನ ಬಂದು ಡಬ್ಬಿ ತಗೊಂಡು ಹೋಗಬೇಕು. 120 ರೂಪಾಯಿ. ದಿನಕ್ಕೆ ಸರಾಸರಿ ಹತ್ತು ಡಬ್ಬಿ ಹೋಗ್ತಿತ್ತು.

ಅಕ್ಕನ ಮಗ ಕಾಲೇಜು ಹುಡುಗ. ನಾನು ಹೋಗೋಷ್ಟರಲ್ಲಿ ಅವನೇ ಒಂದು ಸ್ಕ್ರಿಪ್ಟ್ ಬರೆದಿಟ್ಟಿದ್ದ. "ಉತ್ತರ ಕರ್ನಾಟಕದ ಶತಮಾನಗಳ ರುಚಿ ಈಗ ನಿಮ್ಮ ಮನೆ ಬಾಗಿಲಿಗೆ" ಅಂತ ಶುರು. ಹಿಂದೆ ಒಂದು ಸಿನಿಮಾ ಹಾಡು. ಕೊನೆಗೆ "ಇಂದೇ ಆರ್ಡರ್ ಮಾಡಿ". ಕೇಳೋಕೇನೋ ಚೆನ್ನಾಗಿತ್ತು. ಆದ್ರೆ ನಾನು ಅವನಿಗೆ ಒಂದೇ ಪ್ರಶ್ನೆ ಕೇಳಿದೆ. ತಮ್ಮಾ, ಈ ವಿಡಿಯೋನ ಯಾರು ನೋಡ್ತಾರೆ?

ಇಲ್ಲಿ ಸ್ವಲ್ಪ ನಿಂತು ಯೋಚನೆ ಮಾಡಿ. ಆ್ಯಪ್‌ನಲ್ಲಿ ಊಟ ಹುಡುಕ್ತಾ ಇರೋ ಅಪರಿಚಿತ ವ್ಯಕ್ತಿ ಈ ವಿಡಿಯೋ ನೋಡೋದೇ ಇಲ್ಲ. ಅವನ ಕಣ್ಣಿಗೆ ಬೀಳೋದು ಊಟದ ಫೋಟೋ, ಬೆಲೆ, ರೇಟಿಂಗ್, ಎಷ್ಟು ನಿಮಿಷದಲ್ಲಿ ಬರುತ್ತೆ ಅನ್ನೋದು, ಇಷ್ಟೇ. ವಿಡಿಯೋ ಹೋಗೋದು ಅಕ್ಕನ ಫೋನಿನಿಂದ. ಅಂದ್ರೆ ಮೊದಲ ದಿನ ಅದನ್ನ ನೋಡೋರು ಅಕ್ಕನ ನಂಬರ್ ಇಟ್ಟುಕೊಂಡಿರೋರು, ಐದು ವರ್ಷದಿಂದ ಅವರ ರೊಟ್ಟಿ ತಿಂದೋರು. ಅವರಿಗೆ ಶತಮಾನಗಳ ರುಚಿ ಅಂತ ಹೇಳಿ ಏನು ಪ್ರಯೋಜನ? ರುಚಿ ಅವರಿಗೆ ಗೊತ್ತಿದೆ. ಅವರ ತಲೇಲಿ ಬೇರೆ ಪ್ರಶ್ನೆ ಇರುತ್ತೆ. ರೇಟು ಏರಿಸಿದ್ರಾ? ಇನ್ಮೇಲೆ ಫೋನ್ ಮಾಡಿದ್ರೆ ಕೊಡ್ತೀರೋ ಇಲ್ವೋ? ಆ್ಯಪ್‌ನಲ್ಲಿ ಏನಂತ ಹುಡುಕಬೇಕು?

ಹಾಗಾಗಿ ಮೊದಲ ದಿನದ ವಿಡಿಯೋ ಹೊಸಬರನ್ನ ಕರೆಯೋ ಜಾಹೀರಾತಲ್ಲ. ಹಳಬರಿಗೆ ಕೊಡೋ ಲೆಕ್ಕ. ಈ ಒಂದು ವಿಷಯ ಸರಿಯಾದ್ರೆ ಸ್ಕ್ರಿಪ್ಟ್ ಹೆಚ್ಚು ಕಡಿಮೆ ತಾನೇ ಬರೆದುಕೊಳ್ಳುತ್ತೆ.

ಹಂಗಾದ್ರೆ ರೇಟಿಂದಲೇ ಶುರು ಮಾಡೋಣ, ಯಾಕಂದ್ರೆ ಜಗಳ ಆಗೋದು ಅಲ್ಲೇ. 120 ರೂಪಾಯಿ ಊಟವನ್ನ ಆ್ಯಪ್‌ನಲ್ಲೂ 120ಕ್ಕೇ ಇಟ್ಟರೆ ಏನಾಗುತ್ತೆ ನೋಡಿ. ಕಮಿಷನ್ ಎಷ್ಟು ಅನ್ನೋದು ಪ್ರತಿಯೊಬ್ಬರ ಒಪ್ಪಂದದಲ್ಲೂ ಬೇರೆ ಬೇರೆ ಇರುತ್ತೆ, ನಿಮ್ಮದರಲ್ಲಿ ಏನಿದೆ ಅಂತ ನೀವೇ ನೋಡಿಕೊಳ್ಳಿ. ಲೆಕ್ಕಕ್ಕೆ ನಾವು 25% ಅಂತ ಇಟ್ಟುಕೊಳ್ಳೋಣ. 120ಕ್ಕೆ 30 ರೂಪಾಯಿ. ಆ ಕಮಿಷನ್ ಮೇಲೆ 18% ಜಿಎಸ್‌ಟಿ ಇದೆ, ಅದು 5 ರೂಪಾಯಿ 40 ಪೈಸೆ. ಅಕ್ಕನ ಕೈಗೆ ಬರೋದು 84 ರೂಪಾಯಿ 60 ಪೈಸೆ. ಮೊದಲು ಗ್ರಾಹಕರೇ ಸ್ಟೀಲ್ ಡಬ್ಬಿ ತರ್ತಿದ್ರು. ಈಗ ಸೋರದ ಡಬ್ಬಿ, ಬೆಣ್ಣೆ ಕಾಗದ, ಕವರ್, ಎಲ್ಲ ಸೇರಿ 12 ರೂಪಾಯಿ. ಉಳಿದದ್ದು 72 ರೂಪಾಯಿ 60 ಪೈಸೆ. ಜೋಳದ ಹಿಟ್ಟು, ಬದನೆಕಾಯಿ, ಶೇಂಗಾ, ಎಣ್ಣೆ, ಗ್ಯಾಸ್ ಎಲ್ಲ ಸೇರಿ ಒಂದು ಊಟಕ್ಕೆ ಅಕ್ಕನಿಗೆ 65 ರೂಪಾಯಿ ಬೀಳುತ್ತೆ. ಕೊನೆಗೆ ಉಳಿಯೋದು 7 ರೂಪಾಯಿ 60 ಪೈಸೆ. ಫೋನಲ್ಲಿ ಹೇಳಿದ ಊಟದಲ್ಲಿ 55 ರೂಪಾಯಿ ಉಳೀತಿತ್ತು.

ಮೂರು ರೊಟ್ಟಿ ಬಡಿದು, ಬೇಯಿಸಿ, ಪಲ್ಯ ಮಾಡಿ, ಪಾತ್ರೆ ತೊಳೆದು ಏಳೂವರೆ ರೂಪಾಯಿ. ಆಗಲ್ಲ ಅಲ್ವಾ? ಮೊದಲಿನ 55 ಉಳಿಬೇಕು ಅಂದ್ರೆ ಆ್ಯಪ್‌ನಲ್ಲಿ ಸುಮಾರು 187 ಇಡಬೇಕು. ಅಕ್ಕ ಅಷ್ಟು ಬೇಡಪ್ಪಾ ಅಂದ್ರು, 175ಕ್ಕೆ ನಿಂತ್ರು. ಅದರಲ್ಲಿ ಅವರಿಗೆ 46 ರೂಪಾಯಿ ಚಿಲ್ಲರೆ ಉಳಿಯುತ್ತೆ.

ಈಗ ಇದನ್ನೇ ಹಳೇ ಗ್ರಾಹಕರ ಕಡೆಯಿಂದ ನೋಡಿ. ಅವರು ಆ್ಯಪ್ ತೆರೀತಾರೆ. 120ರ ಊಟ 175 ಅಂತ ಕಾಣುತ್ತೆ. ಅದರ ಮೇಲೆ 5% ಜಿಎಸ್‌ಟಿ, 8 ರೂಪಾಯಿ 75 ಪೈಸೆ. ಅಕ್ಕ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಆದ್ರೂ ಬಿಲ್ಲಲ್ಲಿ ಆ ತೆರಿಗೆ ಬರುತ್ತೆ. ಯಾಕಂದ್ರೆ 2022ರ ಜನವರಿ 1ರಿಂದ ಇಂಥ ಊಟದ ಮೇಲಿನ ಜಿಎಸ್‌ಟಿಯನ್ನ ಆ್ಯಪ್ ಕಂಪನಿಯೇ ಗ್ರಾಹಕರಿಂದ ತಗೊಂಡು ಸರ್ಕಾರಕ್ಕೆ ಕಟ್ಟಬೇಕು ಅನ್ನೋ ನಿಯಮ ಇದೆ. ಆಮೇಲೆ ಡೆಲಿವರಿ ಶುಲ್ಕ, ಪ್ಲಾಟ್‌ಫಾರ್ಮ್ ಶುಲ್ಕ. ಒಟ್ಟು 200 ದಾಟಿತು. ಇದರಲ್ಲಿ ಯಾವ ರೂಪಾಯಿ ಎಲ್ಲಿಗೆ ಹೋಗುತ್ತೆ ಅಂತ ಅವರಿಗೆ ಗೊತ್ತಾಗಲ್ಲ. "ಆ್ಯಪ್‌ಗೆ ಹೋಗಿದ್ದೇ ಹೋಗಿದ್ದು, ಒಂದೇ ಸಲ ಎಂಬತ್ತು ರೂಪಾಯಿ ಏರಿಸಿಬಿಟ್ರು" ಅಂತಾರೆ. ಅದನ್ನ ಅಕ್ಕನಿಗೆ ಹೇಳಲ್ಲ, ಪಕ್ಕದ ಮನೆಯವರಿಗೆ ಹೇಳ್ತಾರೆ. ಬಾಯಿಮಾತಿಂದ ಬೆಳೆದ ವ್ಯಾಪಾರ ಬಾಯಿಮಾತಿಂದಲೇ ಒಡೆಯೋದು ಹೀಗೆ.

ಅದಕ್ಕೇ ನಾನು ಹೇಳಿದ್ದು, ರೇಟನ್ನ ಅಕ್ಕನೇ ಮೊದಲು ಬಾಯಿಬಿಟ್ಟು ಹೇಳಬೇಕು, ವಿಡಿಯೋ ಶುರುವಾಗಿ ಹದಿನೈದು ಸೆಕೆಂಡ್ ಒಳಗೆ. ಮಗನಿಗೆ ಇದು ಇಷ್ಟ ಆಗಲಿಲ್ಲ. "ರೇಟು ಕೇಳಿದ್ರೆ ಜನ ಓಡಿಹೋಗ್ತಾರೆ ಅಂಕಲ್" ಅಂದ. ಓಡೋರು ಬಿಲ್ ನೋಡಿದ ಮೇಲೂ ಓಡ್ತಾರೆ, ಆವಾಗ ಬೇಜಾರು ಮಾಡ್ಕೊಂಡು ಓಡ್ತಾರೆ, ಅಷ್ಟೇ ವ್ಯತ್ಯಾಸ.

ಆದ್ರೆ ಫೋನ್ ಆರ್ಡರ್ ಇನ್ನೂ 120ಕ್ಕೇ ಸಿಗುತ್ತೆ ಅನ್ನೋದನ್ನ ವಿಡಿಯೋದಲ್ಲಿ ಹೇಳಬೇಕಾ? ಬೇಡ ಅಂದೆ. ಮೊದಲನೇ ವಿಷಯ, ಬೇರೆ ಕಡೆ ಕಡಿಮೆ ಬೆಲೆಗೆ ಮಾರಬಾರದು ಅನ್ನೋ ಷರತ್ತು ಒಪ್ಪಂದದಲ್ಲಿ ಇದೆಯಾ ಅಂತ ಓದಿ ನೋಡಬೇಕು. ಅಕ್ಕನ ಒಪ್ಪಂದವನ್ನ ಸಾಲು ಸಾಲಾಗಿ ಓದಿದ್ವಿ, ಫೋನ್ ಆರ್ಡರ್ ಬಗ್ಗೆ ಅಂಥ ಷರತ್ತು ಇರಲಿಲ್ಲ. ಇದ್ದಿದ್ರೆ ಮಾತೇ ಬೇರೆ ಆಗ್ತಿತ್ತು. ಎರಡನೇ ಕಾರಣ ಇನ್ನೂ ಮುಖ್ಯ. ವಿಡಿಯೋ ಒಂದು ಸಲ ಹೊರಗೆ ಹೋದ್ರೆ ಎಲ್ಲೆಲ್ಲಿಗೋ ಫಾರ್ವರ್ಡ್ ಆಗುತ್ತೆ. ಗುರುತಿಲ್ಲದೋರೆಲ್ಲ 120ಕ್ಕೆ ಕೊಡಿ ಅಂತ ಫೋನ್ ಮಾಡಿದ್ರೆ ರೊಟ್ಟಿ ಬಡಿಯೋ ಹೊತ್ತಲ್ಲಿ ಅಕ್ಕ ಫೋನ್ ಎತ್ತೋಕಾಗುತ್ತಾ? ಹಾಗಾಗಿ "ಫೋನ್ ಆರ್ಡರ್ ಮೊದಲಿನ ಹಾಗೇ ನಡೆಯುತ್ತೆ" ಅನ್ನೋದು ವಿಡಿಯೋದಲ್ಲಿ. 120 ಅನ್ನೋ ಅಂಕಿ ಹಳಬರಿಗೆ ಬೇರೆಯಾಗಿ ಕಳಿಸೋ ಮೆಸೇಜ್‌ನಲ್ಲಿ.

ಮೊದಲ ದಿನ ಡಿಸ್ಕೌಂಟ್ ಕೊಡಿ ಅಂತ ಬಹಳ ಜನ ಸಲಹೆ ಕೊಡ್ತಾರೆ. 20% ಅಂದ್ರೆ 175ಕ್ಕೆ 35 ರೂಪಾಯಿ. ಆ ದುಡ್ಡು ಅಡುಗೆ ಮಾಡೋರ ಪಾಲಿನಿಂದಲೇ ಹೋಗೋದಾದ್ರೆ, ಕಮಿಷನ್ ಹೇಗೇ ಲೆಕ್ಕ ಹಾಕಲಿ, ಅಕ್ಕನ 46ರಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯ್ತು. ಅದೂ ಯಾರಿಗೆ? ಮೊದಲೇ ತಿಂತಿದ್ದ ಗ್ರಾಹಕರಿಗೆ. ಬಿಟ್ಟುಬಿಟ್ವಿ.

ಮುಂದಿನದು, ಎಷ್ಟು ಊಟ. ಇದನ್ನ ಯಾರೂ ವಿಡಿಯೋದಲ್ಲಿ ಹೇಳಲ್ಲ. ಹೇಳಬೇಕು ಅನ್ನೋದು ನನ್ನ ಹಠ. ಅಕ್ಕನ ಒಲೆಗೆ ಎರಡು ಬರ್ನರ್, ಎರಡು ಹಂಚು. ಒಬ್ಬರೇ ಬಡಿಯೋದು. ನಾನು ಪಕ್ಕದಲ್ಲಿ ಕೂತು ಗಡಿಯಾರ ನೋಡ್ದೆ. ಹಿಟ್ಟು ನಾದಿ, ಬಡಿದು, ನೀರು ಸವರಿ, ಎರಡೂ ಕಡೆ ಬೇಯಿಸಿ ತೆಗೆಯೋಕೆ, ಎರಡೂ ಹಂಚು ನಡೀತಿದ್ರೆ, ಸರಾಸರಿ ಎರಡು ನಿಮಿಷಕ್ಕೆ ಒಂದು ರೊಟ್ಟಿ. ಗಂಟೆಗೆ 30. ಹನ್ನೊಂದೂವರೆಗೆ ಶುರು ಮಾಡಿದ್ರೆ ಎರಡು ಗಂಟೆಯೊಳಗೆ 75 ರೊಟ್ಟಿ. ಹಳಬರ ಹತ್ತು ಡಬ್ಬಿಗೆ 30 ಹೋಯ್ತು. ಉಳಿದದ್ದು 45. ಅಂದ್ರೆ ಆ್ಯಪ್‌ಗೆ 15 ಊಟ. ಹದಿನಾರನೇ ಊಟ ಈ ಅಡುಗೆಮನೆಯಲ್ಲಿ ಹುಟ್ಟೋದೇ ಇಲ್ಲ.

ಬರೀ ಹದಿನೈದಾ ಅಂತ ನಿಮಗೆ ಅನಿಸಬಹುದು. ಆದ್ರೆ ವಿಡಿಯೋ ನೋಡಿ ಒಂದೇ ಗಂಟೆಯಲ್ಲಿ 30 ಆರ್ಡರ್ ಬಂತು ಅಂತಿಟ್ಟುಕೊಳ್ಳಿ. ಅರ್ಧ ಕ್ಯಾನ್ಸಲ್ ಮಾಡಬೇಕು, ಇಲ್ಲಾಂದ್ರೆ ಡೆಲಿವರಿ ಹುಡುಗರು ಗೇಟ್ ಹತ್ರ ಮುಕ್ಕಾಲು ಗಂಟೆ ನಿಲ್ಲಬೇಕು. ಹೊಸ ಅಡುಗೆಮನೆಗೆ ರೇಟಿಂಗ್ ಶುರುವಾಗೋದೇ ಆ ಕೆಲವು ಆರ್ಡರ್‌ಗಳಿಂದ. ಹತ್ತು ಜನರಲ್ಲಿ ಮೂರು ಜನ ಲೇಟಾಯ್ತು ಅಂತ ಒಂದು ಸ್ಟಾರ್ ಕೊಟ್ಟರೆ, ಅದನ್ನ ಮೇಲೆತ್ತೋಕೆ ವಾರಗಟ್ಟಲೆ ಬೇಕು. ಅದಕ್ಕೇ "ಇವತ್ತು ಹದಿನೈದೇ ಊಟ" ಅನ್ನೋದು ಗತ್ತಿಗೆ ಹೇಳೋ ಮಾತಲ್ಲ, ಎರಡು ಹಂಚಿನ ಲೆಕ್ಕ.

ಇದರ ಜೊತೆ ಅಕ್ಕನೇ ಒಂದು ಒಳ್ಳೆ ಉಪಾಯ ಹೇಳಿದ್ರು. ಖಡಕ್ ರೊಟ್ಟಿ. ಹಿಂದಿನ ದಿನವೇ ಮಾಡಿ ಒಣಗಿಸಿ ಇಡಬಹುದು, ತಿಂಗಳಾದ್ರೂ ಕೆಡಲ್ಲ. ಬಿಸಿ ರೊಟ್ಟಿ ಮುಗಿದ ಮೇಲೂ ಖಡಕ್ ರೊಟ್ಟಿ ಕಟ್ಟು, ಶೇಂಗಾ ಚಟ್ನಿ ಪುಡಿ ಮೆನುವಿನಲ್ಲಿ ಇರುತ್ತೆ, ಅಂಗಡಿ ಪೂರ್ತಿ ಮುಚ್ಚಿದ ಹಾಗೆ ಕಾಣಲ್ಲ. ಹೀಗಾಗಿ ಮೊದಲ ದಿನದ ಮೆನುವಿನಲ್ಲಿ ಮೂರೇ ಐಟಂ.

ಇನ್ನು ರೊಟ್ಟಿಯದ್ದೇ ಒಂದು ಸಮಸ್ಯೆ. ಬಿಸಿ ರೊಟ್ಟಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದ್ರೆ ಅದು ಬೆವರುತ್ತೆ. ಆವಿ ಮುಚ್ಚಳಕ್ಕೆ ತಾಗಿ ನೀರಾಗಿ ಮತ್ತೆ ರೊಟ್ಟಿ ಮೇಲೆ ಬೀಳುತ್ತೆ. ಅರ್ಧ ಗಂಟೆ ಬೈಕ್ ಮೇಲೆ ಹೋದ್ರೆ ಅಂಚು ಒದ್ದೆ, ನಡು ಅಂಟು. ಮನೆಗೇ ಬಂದು ತಗೊಂಡು ಹೋಗ್ತಿದ್ದೋರಿಗೆ ಈ ತೊಂದರೆ ಇರಲಿಲ್ಲ. ಬಟ್ಟೇಲಿ ಸುತ್ತಿ ಐದು ನಿಮಿಷದಲ್ಲಿ ಮನೆ ಸೇರ್ತಿದ್ರು. ನಾವು ಮೂರು ಥರ ಪ್ಯಾಕ್ ಮಾಡಿ, ಸ್ಕೂಟರ್ ಡಿಕ್ಕಿಯಲ್ಲಿಟ್ಟು ಮೂವತ್ತು ನಿಮಿಷ ಸುತ್ತಿ ನೋಡಿದ್ವಿ. ಹಂಚಿಂದ ತೆಗೆದ ರೊಟ್ಟಿನ ಎರಡು ನಿಮಿಷ ಬುಟ್ಟಿಯಲ್ಲಿ ಆರೋಕೆ ಬಿಟ್ಟು, ಬೆಣ್ಣೆ ಕಾಗದದಲ್ಲಿ ಸುತ್ತಿ, ಕಾಗದದ ಕವರ್‌ನಲ್ಲಿ ಹಾಕಿದ್ದು ಚೆನ್ನಾಗಿ ಉಳೀತು. ಎಣಗಾಯಿ ಬೇರೆ ಡಬ್ಬಿ. ಆದ್ರೂ ಗ್ರಾಹಕರು ಆ ಸುತ್ತನ್ನ ಬಿಚ್ಚದೆ ಇನ್ನರ್ಧ ಗಂಟೆ ಇಟ್ಟರೆ ಮತ್ತೆ ಅದೇ ಕಥೆ. ಹಾಗಾಗಿ "ಬಂದ ಕೂಡಲೇ ಬಿಚ್ಚಿಡಿ" ಅನ್ನೋ ಒಂದು ಸಾಲು ಸ್ಕ್ರಿಪ್ಟ್‌ಗೆ ಸೇರಿತು. ನನ್ನ ಕೇಳಿದ್ರೆ ಇಡೀ ವಿಡಿಯೋದಲ್ಲಿ ಅತಿ ಉಪಯೋಗದ ಸಾಲು ಅದೇ.

ಆಮೇಲೆ ಹುಡುಕೋದು. ವಿಡಿಯೋ ಹಾಕೋ ಹಿಂದಿನ ದಿನ ಒಂದು ಟೆಸ್ಟ್ ಆರ್ಡರ್ ಮಾಡಿ, ಸ್ವಂತ ದುಡ್ಡಲ್ಲಿ, ಪಕ್ಕದ ಬೀದಿಯ ಇನ್ನೊಬ್ಬರ ಫೋನಿಂದ. ಇದನ್ನ ಬಿಡಲೇಬೇಡಿ. ನಾವು ಮಾಡಿದಾಗ ಏನು ಗೊತ್ತಾಯ್ತು ಅಂದ್ರೆ, ಅಕ್ಕನ ಪರಿಚಯದವರು ಹುಡುಕಾಟದಲ್ಲಿ rotti ಅಂತ ಟೈಪ್ ಮಾಡ್ತಾರೆ, ಕೆಲವರು roti ಅಂತಾರೆ, ಇನ್ನು ಕೆಲವರು jowar ಅಂತಾರೆ. ಕನ್ನಡದಲ್ಲಿ ನಮಗೆ ಒಂದೇ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಬರೆದ್ರೆ ಹತ್ತು ಥರ. roti ಅಂತ ಹಾಕಿದ್ರೆ ಊರಿನ ಚಪಾತಿ, ತಂದೂರಿ ಎಲ್ಲ ಮುಂದೆ ಬಂದು ಅಕ್ಕ ಎಲ್ಲೋ ಕೆಳಗೆ. ಅದಕ್ಕೆ ಮೆನುವಿನಲ್ಲಿ ಊಟದ ಹೆಸರನ್ನ Jolada Rotti Oota - Jowar Roti Meal ಅಂತ ಎರಡೂ ಸೇರಿಸಿ ಬರೆಸಿದ್ವಿ. ವಿಡಿಯೋದಲ್ಲಿ ಅಡುಗೆಮನೆ ಹೆಸರನ್ನ ಬಾಯಲ್ಲಿ ಹೇಳೋದರ ಜೊತೆಗೆ ಫೋನ್ ಪರದೆಯಲ್ಲಿ ಒಂದೊಂದೇ ಅಕ್ಷರ ಟೈಪ್ ಮಾಡಿ ತೋರಿಸಿದ್ವಿ.

ದೂರದ ವಿಷಯನೂ ಇದೆ. ಆ್ಯಪ್‌ನಲ್ಲಿ ನಿಮ್ಮ ಅಡುಗೆಮನೆ ಎಲ್ಲರಿಗೂ ಕಾಣಲ್ಲ. ಗ್ರಾಹಕರ ವಿಳಾಸ ನಿಮ್ಮ ಡೆಲಿವರಿ ವ್ಯಾಪ್ತಿಯೊಳಗೆ ಇದ್ರೆ ಮಾತ್ರ ಕಾಣುತ್ತೆ. ಇದು ಗೊತ್ತಿಲ್ಲದೆ ಕೆಂಗೇರಿಯಲ್ಲಿರೋ ಚಿಕ್ಕಮ್ಮ ಹುಡುಕಿ ಹುಡುಕಿ "ಏನೂ ಬರ್ತಿಲ್ಲವಲ್ಲೇ" ಅಂತ ಫೋನ್ ಮಾಡ್ತಾರೆ. ಅದನ್ನೂ ಮೊದಲೇ ಹೇಳಿಬಿಡೋದು ಒಳ್ಳೇದು.

ಭಾಷೆ ಬಗ್ಗೆ ಒಂದು ಮಾತು. ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ ಅಕ್ಕ "ನಾನು ಕಳೆದ ಐದು ವರ್ಷಗಳಿಂದ" ಅಂತ ಟಿವಿ ನ್ಯೂಸ್ ಓದೋರ ಥರ ಶುರು ಮಾಡಿದ್ರು. ಮುಖ ಬಿಗಿದುಹೋಯ್ತು. ಗ್ರಾಹಕರ ಜೊತೆ ಫೋನಲ್ಲಿ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ ಅಕ್ಕಾ ಅಂದೆ. "ನಮ್ಮ ಕಡಿ ಮಾತು ಬೆಂಗಳೂರಾಗ ನಡೀತೈತೇನ್ರಿ?" ಅಂದ್ರು. ಅವರ ಗ್ರಾಹಕರಲ್ಲಿ ಅರ್ಧಕ್ಕರ್ಧ ಆ ಕಡೆಯವರೇ. ಇನ್ನರ್ಧ ಜನ ಐದು ವರ್ಷದಿಂದ ಅದೇ ದನಿ ಕೇಳ್ತಿದ್ದಾರೆ. ಹಾಗಾಗಿ ಸ್ಕ್ರಿಪ್ಟ್ ಅವರ ಮಾತಲ್ಲೇ ಬರೆದ್ವಿ. ಅವರು ಆರಾಮಾಗಿ ಓದಿದಾಗ ನಿಮಿಷಕ್ಕೆ ನೂರು, ನೂರಾ ಹತ್ತು ಪದ ಆಗುತ್ತೆ, ಅದಕ್ಕೆ ಸರಿಯಾಗಿ ಅಳೆದ್ವಿ. ಈಗ ಸ್ಕ್ರಿಪ್ಟ್ ಓದ್ತೀನಿ, ನನ್ನ ಬಾಯಲ್ಲಿ ಅಷ್ಟು ಚೆನ್ನಾಗಿ ಬರಲ್ಲ, ಕ್ಷಮಿಸಿ.

ಮೊದಲ ನಾಲ್ಕು ಸೆಕೆಂಡ್ ಮಾತಿಲ್ಲ. ಕೈ, ಹಿಟ್ಟು, ರೊಟ್ಟಿ ಬಡಿಯೋ ಪಟ ಪಟ ಸದ್ದು. ಆಮೇಲೆ ಅಕ್ಕ ತಲೆ ಎತ್ತಿ ನೋಡ್ತಾರೆ.

"ನಮಸ್ಕಾರ್ರಿ. ಐದ್ ವರ್ಷದಿಂದ ನನ್ನ ರೊಟ್ಟಿ ಉಂಡೋರು ನೀವು. ನೀವು ನಾಕ್ ಮಂದಿಗೆ ಹೇಳಿದ್ರಿ, ಅವ್ರು ಮತ್ತ ನಾಕ್ ಮಂದಿಗೆ ಹೇಳಿದ್ರು. ಇವತ್ತಿಂದ ನಮ್ಮ ಊಟ ಆ್ಯಪಿನಾಗೂ ಸಿಗತೈತ್ರಿ.

ಮೊದಲ ರೇಟ್ ಹೇಳಿಬಿಡ್ತೀನ್ರಿ. ಆ್ಯಪಿನಾಗ ಒಂದ್ ಊಟಕ್ಕ ನೂರಾ ಎಪ್ಪತ್ತೈದು. ಆ್ಯಪಿನ ಕಮಿಷನ್ನು, ಡಬ್ಬಿ ಖರ್ಚು ಅದರಾಗ ಐತಿ. ಟ್ಯಾಕ್ಸು, ಡೆಲಿವರಿ ಬ್ಯಾರೆ. ಊಟ ಮಾತ್ರ ಅದ ಊಟ, ರೊಟ್ಟಿ ಮೂರ.

ಫೋನ್ ಮಾಡಿ ಹೇಳ್ತೀರಲ್ಲ, ಅದು ಮೊದಲಿನಂಗ ನಡೀತೈತಿ. ಹಿಂದಿನ ರಾತ್ರಿ ಎಂಟರೊಳಗ ಹೇಳ್ರಿ, ಮನಿಗೆ ಬಂದು ಒಯ್ರಿ. ಹೇಳೂದು ಮರತಾಗ, ಆಫೀಸಿನಾಗ ಇದ್ದಾಗ, ಮಳಿ ಬಂದಾಗ ಆ್ಯಪ್ ನೋಡ್ರಿ."

ಇಲ್ಲಿ ಫೋನ್ ಪರದೆ ಬರುತ್ತೆ, ಹೆಸರು ಟೈಪ್ ಆಗುತ್ತೆ. ಹಿಂದಿಂದ ಅಕ್ಕನ ದನಿ.

"ಹಿಂಗ ಹುಡುಕ್ರಿ. ದೂರ ಇದ್ದೋರಿಗೆ ಕಾಣಸಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ."

ಮತ್ತೆ ಒಲೆ, ಎರಡು ಹಂಚು.

"ಇವತ್ತ ಹದಿನೈದ ಊಟ ಅದಾವ್ರಿ. ಬಡಿಯಾಕಿ ನಾ ಒಬ್ಬಾಕಿ, ಹಂಚು ಎರಡ. ರೊಟ್ಟಿ ಬಂದ ಕೂಡ್ಲೆ ಕಾಗದ ಬಿಚ್ಚಿ ಇಡ್ರಿ, ಇಲ್ಲಂದ್ರ ಬೆವರತಾವ. ಉಂಡಿಂದ ಹೆಂಗಿತ್ತು ಅಂತ ಇದ್ದಂಗ ಬರೀರಿ."

ಇಷ್ಟೇ. ಐದು ಸ್ಟಾರ್ ಕೊಡಿ ಅಂತ ಕೇಳಲಿಲ್ಲ ಅನ್ನೋದನ್ನ ಗಮನಿಸಿ. ಪರಿಚಯದವರನ್ನ ಸ್ಟಾರ್ ಕೇಳಿದ್ರೆ ಅವರು ಕೊಡ್ತಾರೆ, ಆದ್ರೆ ರೊಟ್ಟಿ ಒದ್ದೆಯಾಗಿತ್ತು ಅನ್ನೋದನ್ನ ಹೇಳಲ್ಲ. ಮೊದಲ ವಾರ ಅಕ್ಕನಿಗೆ ಬೇಕಾಗಿದ್ದು ಅದೇ ಮಾಹಿತಿ.

ಒಂದು ಸಾಲನ್ನ ಕಿತ್ತು ಹಾಕಿದ್ವಿ. "ಶುಗರ್ ಇದ್ದೋರಿಗೆ ಜೋಳದ ರೊಟ್ಟಿ ಔಷಧಿ ಇದ್ದಂಗ" ಅಂತ ಇತ್ತು. ಮನೆಯಲ್ಲಿ ಕೂತು ಹೇಳೋ ಮಾತು ಬೇರೆ, ಮಾರೋವಾಗ ಹೇಳೋದು ಬೇರೆ. ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದ್ರೆ ಎಫ್‌ಎಸ್‌ಎಸ್‌ಎಐನ, 2018ರ ಜಾಹೀರಾತು ನಿಯಮ ಇದೆ. ಊಟ ಕಾಯಿಲೆ ವಾಸಿ ಮಾಡುತ್ತೆ ಅಂತ ಹೇಳಿ ಮಾರೋ ಹಾಗಿಲ್ಲ. ಅದೇ ಪ್ರಾಧಿಕಾರದ 14 ಅಂಕಿಯ ನೋಂದಣಿ ಸಂಖ್ಯೆ ಇಲ್ಲದೆ ಆ್ಯಪ್‌ಗೆ ಸೇರೋಕೂ ಆಗಲ್ಲ. ಅಕ್ಕ ಅದನ್ನ ಮೊದಲೇ ಮಾಡಿಸಿದ್ರು. ವಿಡಿಯೋದ ಕೊನೆಯಲ್ಲಿ ಆ ಸಂಖ್ಯೆ ಮೂರು ಸೆಕೆಂಡ್ ತೋರಿಸಿದ್ವಿ.

ಶೂಟಿಂಗ್ ಬಗ್ಗೆ ಹೆಚ್ಚೇನಿಲ್ಲ. ಫೋನ್ ಉದ್ದಕ್ಕೆ ಹಿಡಿದು, ಕಿಟಕಿ ಬೆಳಕಲ್ಲಿ, ಬೆಳಗ್ಗೆ ಒಂಬತ್ತಕ್ಕೆ. ಫ್ಯಾನ್ ಆಫ್, ಚಿಮಣಿ ಆಫ್, ಪಕ್ಕದ ಒಲೆ ಮೇಲೆ ಕುಕ್ಕರ್ ಇಲ್ಲ. ಮಗನ ಸಿನಿಮಾ ಹಾಡನ್ನ ತೆಗೆದ್ವಿ. ಹಾಡು ಬೇರೆಯವರ ಹಕ್ಕು, ವ್ಯಾಪಾರದ ಖಾತೆಯಲ್ಲಿ ಹಾಕಿದ್ರೆ ಯಾವಾಗ ಬೇಕಾದ್ರೂ ದನಿ ಕಟ್ ಆಗಬಹುದು. ರೊಟ್ಟಿ ಬಡಿಯೋ ಸದ್ದು ಅಕ್ಕನದೇ. ಅಕ್ಷರದಲ್ಲೂ ಮಾತನ್ನ ಕೆಳಗೆ ಹಾಕಿದ್ವಿ, ಆಫೀಸಲ್ಲಿ ಕೂತು ದನಿ ಇಲ್ಲದೆ ನೋಡೋರೇ ಜಾಸ್ತಿ.

ಒಂದು ತಾಂತ್ರಿಕ ವಿಷಯ ಮಾತ್ರ ನೆನಪಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳಿಸಿದ್ರೆ, ನಿಮ್ಮ ನಂಬರನ್ನ ತಮ್ಮ ಫೋನಲ್ಲಿ ಸೇವ್ ಮಾಡಿಕೊಂಡಿರೋರಿಗೆ ಮಾತ್ರ ಅದು ತಲುಪುತ್ತೆ. ಅಕ್ಕ ಎಲ್ಲರ ನಂಬರ್ ಇಟ್ಟುಕೊಂಡಿದ್ರು, ಆದ್ರೆ ಎಲ್ಲರೂ ಅಕ್ಕನ ನಂಬರ್ ಸೇವ್ ಮಾಡಿರಲಿಲ್ಲ. ಹಿಂದಿನ ದಿನ ಒಂದು ಸಣ್ಣ ಮೆಸೇಜ್ ಕಳಿಸಿ, ಎರಡು ಟಿಕ್ ಬರದೇ ಇದ್ದೋರನ್ನ ಗುರುತು ಹಾಕಿ, ಅವರಿಗೆ ಒಬ್ಬೊಬ್ಬರಿಗೇ ಬೇರೆಯಾಗಿ ಕಳಿಸಿದ್ವಿ. ಅದಕ್ಕೆ ಅರ್ಧ ಗಂಟೆ ಹಿಡೀತು.

ದಿನ ಮಂಗಳವಾರ ಆರಿಸಿದ್ವಿ. ಭಾನುವಾರ ಬೇಡ, ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತೆ. ವಿಡಿಯೋ ಹೋಗಿದ್ದು 11:40ಕ್ಕೆ. ಬೆಳಗ್ಗೆ ಎಂಟಕ್ಕೇ ಹಾಕಿದ್ರೆ ಜನ ಆ್ಯಪ್ ತೆರೆದು ನೋಡ್ತಾರೆ, ಮುಚ್ಚಿದೆ ಅಂತ ತೋರಿಸುತ್ತೆ, ಮರೆತುಬಿಡ್ತಾರೆ. ಮೊದಲು ವಿಜಯನಗರದ ಸುತ್ತಮುತ್ತ ಇರೋರಿಗೆ, ಸ್ಟೇಟಸ್‌ಗೆ ಒಂದು ಗಂಟೆ ಆದ ಮೇಲೆ, ಇನ್‌ಸ್ಟಾಗ್ರಾಂಗೆ ಆ ದಿನ ಹಾಕಲೇ ಇಲ್ಲ.

ಹನ್ನೆರಡೂ ಹತ್ತಕ್ಕೆ ಮೊದಲ ಆರ್ಡರ್. ಮನೆಯಿಂದ ಮೂರನೇ ಬೀದಿಯವರದು, ಸುಮ್ನೆ ಹೇಗೆ ಬರುತ್ತೆ ನೋಡೋಣ ಅಂತ ಹಾಕಿದ್ರಂತೆ. ಒಂದು ಗಂಟೆ ಸುಮಾರಿಗೆ ಮೂರು ಆರ್ಡರ್ ಒಟ್ಟಿಗೆ ಬಂದು ಸ್ವಲ್ಪ ಗಡಿಬಿಡಿ ಆಯ್ತು, ಮಗ ಪ್ಯಾಕಿಂಗ್‌ಗೆ ಕೂತ. 1:20ಕ್ಕೆ ಹದಿನೈದು ಮುಗೀತು, ಬಿಸಿ ರೊಟ್ಟಿ ಊಟವನ್ನ ಆ್ಯಪ್‌ನಲ್ಲಿ ಸ್ಟಾಕ್ ಇಲ್ಲ ಅಂತ ಬದಲಾಯಿಸಿದ. ಆಮೇಲೆ ಎರಡು ಖಡಕ್ ರೊಟ್ಟಿ ಕಟ್ಟು ಹೋದವು. ರೇಟ್ ಬಗ್ಗೆ ನಾಲ್ಕು ಜನ ಮೆಸೇಜ್ ಹಾಕಿದ್ರು. ಅದರಲ್ಲಿ ಮೂವರು ಹೇಳಿದ್ದು ಒಂದೇ: "ನಾವು ಫೋನಲ್ಲೇ ಇರ್ತೀವಿ ಅಕ್ಕಾ". ನಾಲ್ಕನೆಯವರು ಸ್ವಲ್ಪ ಜಾಸ್ತಿ ಆಯ್ತು ಅಂದ್ರು. ಅಕ್ಕ ಅವರಿಗೆ ನಾನು ಮೇಲೆ ಹೇಳಿದ ಲೆಕ್ಕವನ್ನೇ, ಏಳೂವರೆ ರೂಪಾಯಿ ಉಳಿಯೋ ಲೆಕ್ಕವನ್ನ, ವಾಯ್ಸ್ ಮೆಸೇಜ್‌ನಲ್ಲಿ ಹೇಳಿದ್ರು.

ಕಾಗದ ಬಿಚ್ಚೋ ವಿಷಯದಲ್ಲಿ ಒಂದು ದೂರು ಬಂತು. ಆಫೀಸಲ್ಲಿ ಮೀಟಿಂಗ್ ಇತ್ತು, ಒಂದು ಗಂಟೆ ಬಿಟ್ಟು ತೆಗೆದೆ, ಒದ್ದೆಯಾಗಿತ್ತು ಅಂತ. ಆ ಗ್ರಾಹಕರು ವಿಡಿಯೋ ನೋಡಿರಲಿಲ್ಲ, ಆ್ಯಪ್‌ನಿಂದಲೇ ಬಂದ ಹೊಸಬರು. ಅವತ್ತು ಸಂಜೆಯೇ ಅದೇ ಸಾಲನ್ನ ಕವರ್ ಮೇಲೆ ಅಂಟಿಸೋ ಚೀಟಿಯಲ್ಲಿ ಬರೆಸಿದ್ರು, ಕನ್ನಡದಲ್ಲಿ, ಇಂಗ್ಲಿಷ್‌ನಲ್ಲಿ.

ವಿಡಿಯೋದಲ್ಲಿ "ಇವತ್ತ ಹದಿನೈದ ಊಟ" ಅನ್ನೋ ಭಾಗವನ್ನ ನಾವು ಬೇರೆ ತುಂಡಾಗಿಯೇ ಶೂಟ್ ಮಾಡಿದ್ವಿ, ತೆಗೆದ್ರೂ ಹಿಂದಿನ ಮುಂದಿನ ಮಾತು ಕೂಡಬೇಕು ಅಂತ. ಬುಧವಾರ ಮಗ ಆ ಒಂದು ತುಂಡನ್ನ ಕತ್ತರಿಸಿ, ಉಳಿದದ್ದನ್ನ ಇನ್‌ಸ್ಟಾಗ್ರಾಂಗೆ ಹಾಕಿದ. ಅಕ್ಕ ಈಗ ಹಿಟ್ಟು ನಾದಿ ಕೊಡೋಕೆ ಬೆಳಗ್ಗೆ ಎರಡು ಗಂಟೆ ಬರೋ ಒಬ್ಬರನ್ನ ಹುಡುಕ್ತಿದ್ದಾರೆ.